ಒಂದು ಟಿಕೆಟ್, ಎರಡು ಸಲ ದುಡ್ಡು: ಕ್ಷಮೆ ಕೇಳುವ ಮೆಸೇಜ್ ಬರೆಯೋದು ಹೇಗೆ?

ಕಾಲೇಜಿನ ಕಾರ್ಯಕ್ರಮಗಳಿಗೆ ಆನ್‌ಲೈನ್ ಟಿಕೆಟ್ ಮಾರೋದು ಈಗ ಮಾಮೂಲು. ಹಾಗೇ ‘ನನ್ನ ಅಕೌಂಟಿಂದ ಎರಡು ಸಲ ಕಟ್ ಆಗಿದೆ’ ಅನ್ನೋ ದೂರೂ ಮಾಮೂಲು. ಆಗ ಸಂಘಟಕರು ಗ್ರೂಪಿಗೆ ಹಾಕುವ ಮೆಸೇಜ್ ಹೆಚ್ಚುಕಡಿಮೆ ಹೀಗಿರುತ್ತೆ: ‘ತಾಂತ್ರಿಕ ಕಾರಣಗಳಿಂದ ಕೆಲವರಿಗೆ ಹಣ ಎರಡು ಬಾರಿ ಕಡಿತಗೊಂಡಿರಬಹುದು. ಶೀಘ್ರದಲ್ಲೇ ಮರುಪಾವತಿಸಲಾಗುವುದು. ಅನಾನುಕೂಲತೆಗಾಗಿ ವಿಷಾದಿಸುತ್ತೇವೆ.’

ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಥರ ಕೇಳಿಸುವ ಈ ಮೂರು ವಾಕ್ಯ ಓದಿದವನಿಗೆ ಏನು ಗೊತ್ತಾಯಿತು? ಆ ‘ಕೆಲವರಲ್ಲಿ’ ತಾನಿದ್ದೇನೋ ಇಲ್ಲವೋ, ದುಡ್ಡು ಯಾವಾಗ ಬರುತ್ತೆ, ಟಿಕೆಟ್ ಇನ್ನೂ ನಡೆಯುತ್ತಾ, ಯಾವುದೂ ಇಲ್ಲ. ಬರೆದವರಿಗೆ ಭಾಷೆ ಬರಲ್ಲ ಅಂತಲ್ಲ, ಅವರ ಹತ್ತಿರ ಇನ್ನೂ ಉತ್ತರ ಇರಲಿಲ್ಲ. ಹಾಗಾಗಿ ಈ ಮೆಸೇಜ್ ಶುರುವಾಗೋದು ಪೇಮೆಂಟ್ ಟೇಬಲ್‌ನಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕಾಲೇಜಿನ ನಾಟಕ ತಂಡ 2026ರ ಮಾರ್ಚ್ 21ಕ್ಕೆ ಪ್ರದರ್ಶನ ಇಟ್ಟಿದೆ, ಟಿಕೆಟ್ ₹250. ಮಾರ್ಚ್ 8ರ ಭಾನುವಾರ ರಾತ್ರಿ 9ಕ್ಕೆ ಬುಕಿಂಗ್ ತೆರೆದಾಗ ಎಲ್ಲರೂ ಒಟ್ಟಿಗೆ ನುಗ್ಗಿದರು. ವಿದ್ಯಾರ್ಥಿ ಯುಪಿಐನಲ್ಲಿ ಪಿನ್ ಹಾಕಿದ, ಬ್ಯಾಂಕಿನಿಂದ ದುಡ್ಡು ಹೋಯಿತು. ಆದರೆ ‘ಪಾವತಿ ಆಯಿತು’ ಅಂತ ಪೇಮೆಂಟ್ ಗೇಟ್‌ವೇಯಿಂದ ತಂಡದ ಸರ್ವರಿಗೆ ಬರಬೇಕಾದ ಸುದ್ದಿ ತಡವಾಯಿತು. ಬುಕಿಂಗ್ ಪುಟ ಸ್ವಲ್ಪ ಹೊತ್ತು ಕಾದು ‘ಪಾವತಿ ವಿಫಲ, ಮತ್ತೆ ಪ್ರಯತ್ನಿಸಿ’ ಅಂತ ತೋರಿಸಿತು. ಅವನು ಮತ್ತೆ ಪ್ರಯತ್ನಿಸಿದ. ಪುಟ ಪ್ರತಿ ಕ್ಲಿಕ್ಕಿಗೂ ಹೊಸ ಆರ್ಡರ್ ಸೃಷ್ಟಿ ಮಾಡುತ್ತಿದ್ದರಿಂದ ಗೇಟ್‌ವೇ ಅದನ್ನು ಬೇರೆಯೇ ಖರೀದಿ ಅಂದುಕೊಂಡು ಎರಡನೇ ₹250 ತೆಗೆದುಕೊಂಡಿತು. ಆಮೇಲೆ ಮೊದಲನೆಯದರ ಸುದ್ದಿಯೂ ಬಂತು.

ಇಲ್ಲಿ ಒಂದು ವಿಷಯ ಸ್ಪಷ್ಟ: ಅವನು ಎರಡು ಸಲ ಒತ್ತಿದ್ದು ಪುಟ ಹೇಳಿದ್ದರಿಂದ. ಆದ್ದರಿಂದ ಮೆಸೇಜಿನಲ್ಲಿ ‘ಕೆಲವರು ಎರಡು ಬಾರಿ ಕ್ಲಿಕ್ ಮಾಡಿದ ಕಾರಣ’ ಅಂತ ಬರೆದರೆ ಅದು ಸುಳ್ಳು. ಓದುವವನಿಗೆ ಅದು ಸುಳ್ಳು ಅಂತ ಗೊತ್ತೂ ಇರುತ್ತೆ.

ಈಗ ಯಾರ್‍ಯಾರಿಗೆ ಹೀಗಾಗಿದೆ ಅಂತ ಹುಡುಕಬೇಕು. ತಂಡದ ಖಜಾಂಚಿ ಒಂದೇ ಫೋನ್ ನಂಬರಿನಿಂದ ಎರಡು ಪ್ರಯತ್ನ ಇರುವವರನ್ನೆಲ್ಲ ಶೀಟ್‌ನಲ್ಲಿ ಬಣ್ಣ ಹಚ್ಚಿ ತೆಗೆದರು. 46 ಜನ ಸಿಕ್ಕರು. ಈ 46 ಜನಕ್ಕೂ ಒಂದೇ ಮೆಸೇಜ್ ಕಳಿಸಿದರೆ ಗೊಂದಲ ಇನ್ನಷ್ಟಾಗುತ್ತೆ, ಯಾಕಂದ್ರೆ ಅವರಲ್ಲಿ ಮೂರು ಥರದವರಿದ್ದಾರೆ. ಐದು ಜನ ಸ್ನೇಹಿತರಿಗೂ ಸೇರಿಸಿ ನಿಜವಾಗಿ ಎರಡು ಟಿಕೆಟ್ ಕೊಂಡವರು. ಅವರಿಗೆ ‘ಒಂದು ಪಾವತಿ ವಾಪಸ್’ ಅಂತ ಹೋದರೆ ನಾಟಕದ ದಿನ ಗೇಟಿನಲ್ಲಿ ಜಗಳ ಖಂಡಿತ. ಹಾಗಾಗಿ ಹುಡುಕಬೇಕಾದ್ದು ಫೋನ್ ನಂಬರನ್ನಲ್ಲ, ಒಂದೇ ನೋಂದಣಿಗೆ ಸಂದಾಯವಾದ ಎರಡು ಪಾವತಿಗಳನ್ನು:

```sql
SELECT reg_id, COUNT(*) AS n
FROM payments
WHERE status = 'captured'
GROUP BY reg_id
HAVING COUNT(*) > 1;
```

ಇದರಲ್ಲಿ ಸಿಕ್ಕವರು 32 ಜನ. ಇವರ ಎರಡೂ ಪಾವತಿ ತಂಡದ ಕೈಗೆ ಬಂದಿದೆ. ಬ್ಯಾಂಕಿನ ಲೆಕ್ಕದಲ್ಲಿ ಎರಡೂ ಯಶಸ್ವಿ, ಆದ್ದರಿಂದ ಅದು ತಾನಾಗಿ ವಾಪಸ್ ಹೋಗಲ್ಲ. 32 × 250, ಅಂದರೆ ₹8,000ವನ್ನು ತಂಡವೇ ಗೇಟ್‌ವೇ ಮೂಲಕ ರೀಫಂಡ್ ಮಾಡಬೇಕು.

ಉಳಿದ ಒಂಬತ್ತು ಜನ ಮೂರನೇ ಥರದವರು. ಇವರ ಅಕೌಂಟಿಂದ ಎರಡು ಸಲ ದುಡ್ಡು ಹೋಗಿದೆ, ಆದರೆ ತಂಡಕ್ಕೆ ಬಂದಿರೋದು ಒಂದೇ. ಇನ್ನೊಂದು ದಾರಿಯಲ್ಲೇ ಸಿಕ್ಕಿಕೊಂಡಿದೆ. ಬಾರದ ದುಡ್ಡನ್ನು ತಂಡ ರೀಫಂಡ್ ಮಾಡೋಕಾಗಲ್ಲ. ಅಂಗಡಿಯವರಿಗೆ ಖಾತ್ರಿ ತಲುಪದ ಇಂಥ ಯುಪಿಐ ಪಾವತಿಯನ್ನು ವ್ಯವಹಾರದ ದಿನದಿಂದ ಐದು ದಿನದೊಳಗೆ ತಾನಾಗಿ ವಾಪಸ್ ಮಾಡಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತ ಆರ್‌ಬಿಐ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಹೇಳುತ್ತೆ. ಮಾರ್ಚ್ 8ಕ್ಕೆ ಐದು ದಿನ ಸೇರಿಸಿದರೆ ಮಾರ್ಚ್ 13. ‘ಪಾಪ’ ಅಂತ ಖಜಾಂಚಿ ತಮ್ಮ ಫೋನಿಂದಲೇ ₹250 ಕಳಿಸಿಬಿಟ್ಟರೆ, ಆಮೇಲೆ ಬ್ಯಾಂಕಿನದೂ ಬಂದು ಲೆಕ್ಕ ಮತ್ತೆ ಕೆಡುತ್ತೆ. ಈ ಒಂಬತ್ತರಲ್ಲಿ ಒಂದೆರಡು ತಡವಾಗಿ ‘captured’ ಆಗಿ 32ರ ಪಟ್ಟಿಗೆ ಸೇರಲೂಬಹುದು. ಅದಕ್ಕೇ ಕಳಿಸುವ ಮುಂಚೆ ಕ್ವೆರಿಯನ್ನು ಇನ್ನೊಮ್ಮೆ ಓಡಿಸಿ.

ಇನ್ನು ರೀಫಂಡ್. ಎರಡರಲ್ಲಿ ಯಾವ ಪಾವತಿಯನ್ನು ವಾಪಸ್ ಮಾಡಬೇಕು? ‘ಎರಡನೆಯದು ತಾನೇ ಹೆಚ್ಚುವರಿ’ ಅಂತ ತೋಚೋದು ಸಹಜ. ಆದರೆ ನಮ್ಮ ಉದಾಹರಣೆಯಲ್ಲಿ ಮೊದಲನೆಯದನ್ನು ಪುಟ ವಿಫಲ ಅಂದುಕೊಂಡಿತ್ತು, ಟಿಕೆಟ್ ತಯಾರಾದದ್ದು ಎರಡನೆಯದರ ಮೇಲೆ. ರೀಫಂಡ್ ಆದ ಪಾವತಿಯ ಟಿಕೆಟ್ ತಾನಾಗಿ ರದ್ದಾಗುವ ಹಾಗೆ ಕೋಡ್ ಬರೆದಿರುವುದು ಸಾಮಾನ್ಯ. ಎರಡನೆಯದನ್ನು ವಾಪಸ್ ಮಾಡಿದರೆ 32 ಜನರ ಟಿಕೆಟ್ಟೂ ಹೋಯಿತು! ಟಿಕೆಟ್ ಯಾವ `payment_id`ಗೆ ಅಂಟಿಕೊಂಡಿದೆ ನೋಡಿ, ಅದನ್ನು ಬಿಟ್ಟು ಇನ್ನೊಂದನ್ನು ವಾಪಸ್ ಮಾಡಬೇಕು.

ವಾಪಸ್ ಮಾಡೋದು ಪೂರ್ತಿ ₹250. ಬಹಳಷ್ಟು ಗೇಟ್‌ವೇಗಳು ರೀಫಂಡ್ ಆದರೂ ತಮ್ಮ ಶುಲ್ಕವನ್ನು ಹಿಂದಕ್ಕೆ ಕೊಡಲ್ಲ. ಶುಲ್ಕ 2%, ಅದರ ಮೇಲೆ 18% ಜಿಎಸ್‌ಟಿ ಅಂತ ಹಿಡಿದರೆ ಒಂದು ಪಾವತಿಗೆ ₹5.90, 32ಕ್ಕೆ ಸುಮಾರು ₹189. ಅದು ತಂಡದ ಖರ್ಚು. ವಿದ್ಯಾರ್ಥಿಗೆ ₹244.10 ಕಳಿಸಿ ಕ್ಷಮೆ ಕೇಳಿದರೆ ಆ ಕ್ಷಮೆಯನ್ನು ಯಾರು ತಾನೇ ನಂಬುತ್ತಾರೆ?

ರೀಫಂಡ್ ಶುರು ಮಾಡಿದ ಮೇಲೇ ಮೆಸೇಜ್ ಕಳಿಸಿ. ಆಗ ‘ಕಳಿಸುತ್ತೇವೆ’ ಬದಲು ‘ಕಳಿಸಿದ್ದೇವೆ’ ಅಂತ ಬರೆಯಬಹುದು, ರೀಫಂಡ್ ನಂಬರನ್ನೂ ಕೊಡಬಹುದು. ಲೆಕ್ಕಕ್ಕೆ ಒಂದು ದಿನ ಬೇಕಾದರೆ ಅಷ್ಟರಲ್ಲಿ ಒಂದೇ ಸಾಲು ಹಾಕಿ: ‘ಎರಡು ಸಲ ಕಟ್ ಆಗಿರೋದು ಗೊತ್ತಾಗಿದೆ, ಮತ್ತೆ ಪಾವತಿ ಮಾಡಬೇಡಿ, ನಾಳೆ ಸಂಜೆಯೊಳಗೆ ಒಬ್ಬೊಬ್ಬರಿಗೂ ಬರೆಯುತ್ತೇವೆ.’

ದಿನಾಂಕದ ಬಗ್ಗೆ ಒಂದು ಮಾತು. ‘5ರಿಂದ 7 ಕೆಲಸದ ದಿನ’ ಅಂತ ಗೇಟ್‌ವೇ ಹೇಳುತ್ತೆ, ಸಂಘಟಕರು ಅದನ್ನೇ ಕಾಪಿ ಮಾಡುತ್ತಾರೆ. ಎಣಿಸಿ ನೋಡಿ: ಮಾರ್ಚ್ 10ರ ಮಂಗಳವಾರ ರೀಫಂಡ್ ಮಾಡಿದರೆ ಮಧ್ಯೆ ಎರಡನೇ ಶನಿವಾರ, ಭಾನುವಾರ, 19ಕ್ಕೆ ಯುಗಾದಿ. ಏಳನೇ ಕೆಲಸದ ದಿನ ಬರೋದು ಮಾರ್ಚ್ 20ರ ಶುಕ್ರವಾರ. ಓದುವವನು 17ಕ್ಕೇ ಕಾದು ಕೂತು, ಬರದಿದ್ದಾಗ ‘ಮೋಸ’ ಅನ್ನುತ್ತಾನೆ. ಈ ಎಣಿಕೆಯನ್ನು ನೀವೇ ಮಾಡಿ ದಿನಾಂಕ ಬರೆದುಬಿಡಿ.

ಈಗ ಮೆಸೇಜ್ ತಾನಾಗಿ ಬರುತ್ತೆ. 32 ಜನಕ್ಕೆ ಹೋಗುವಂಥದ್ದು:

‘ನಮಸ್ಕಾರ. ಮಾರ್ಚ್ 21ರ ನಾಟಕದ ಒಂದೇ ಟಿಕೆಟ್ಟಿಗೆ ನಿಮ್ಮಿಂದ ಎರಡು ಸಲ ₹250 ತೆಗೆದುಕೊಂಡಿದ್ದೇವೆ: ಮಾರ್ಚ್ 8ರ ರಾತ್ರಿ 9:14ಕ್ಕೆ ಮತ್ತು 9:19ಕ್ಕೆ. ಮೊದಲನೇ ಪಾವತಿ ಆಗಿದ್ದರೂ ನಮ್ಮ ಪುಟ ‘ವಿಫಲ’ ಅಂತ ತೋರಿಸಿ ಮತ್ತೆ ಪಾವತಿಸಲು ಹೇಳಿತು. ತಪ್ಪು ನಮ್ಮದು, ಕ್ಷಮಿಸಿ.

9:14ರ ₹250ವನ್ನು ಇಂದು (ಮಾರ್ಚ್ 10) ನೀವು ಪಾವತಿಸಿದ ಖಾತೆಗೇ ವಾಪಸ್ ಕಳಿಸಿದ್ದೇವೆ. ರೀಫಂಡ್ ನಂಬರ್ ಕೆಳಗಿದೆ. ಮಾರ್ಚ್ 20ರೊಳಗೆ ಖಾತೆಗೆ ಬರುತ್ತದೆ. ನಿಮ್ಮ ಟಿಕೆಟ್ ಹಾಗೇ ಇದೆ. ನೀವು ಏನೂ ಮಾಡಬೇಕಾಗಿಲ್ಲ.

ಮಾರ್ಚ್ 20 ಕಳೆದರೂ ಬರದಿದ್ದರೆ ಈ ಮೆಸೇಜಿಗೇ ಉತ್ತರಿಸಿ. ಈ ರೀಫಂಡ್‌ಗಾಗಿ ನಾವು ಒಟಿಪಿ, ಯುಪಿಐ ಪಿನ್ ಕೇಳುವುದಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಲೂ ಹೇಳುವುದಿಲ್ಲ.’

ಕೊನೇ ಸಾಲು ಅಲಂಕಾರಕ್ಕಲ್ಲ. ‘ರೀಫಂಡ್ ಬರುತ್ತೆ’ ಅನ್ನೋ ಸುದ್ದಿ ಹರಡಿದ ಕೂಡಲೇ ‘ಪಡೆಯಲು ಇದನ್ನು ಸ್ಕ್ಯಾನ್ ಮಾಡಿ’ ಅನ್ನುವ ವಂಚಕರಿಗೆ ದಾರಿ ಸಿಗುತ್ತೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗಲ್ಲ, ಕೊಡಲು ಮಾತ್ರ ಬೇಕು. ಎರಡು ಸಲ ಕಟ್ ಆದವರ ಹೆಸರು, ಫೋನ್ ನಂಬರಿನ ಪಟ್ಟಿಯನ್ನು ಗ್ರೂಪಿಗೆ ಹಾಕಬಾರದು ಅನ್ನೋದೂ ಇದೇ ಕಾರಣಕ್ಕೆ.

ಭಾಷೆಯಲ್ಲಿ ಗಮನಿಸಿ: ‘ಕಡಿತಗೊಂಡಿರಬಹುದು’ ಹೋಗಿ ‘ತೆಗೆದುಕೊಂಡಿದ್ದೇವೆ’ ಬಂದಿದೆ. ಕನ್ನಡದಲ್ಲಿ ಕ್ರಿಯಾಪದದ ಕೊನೆಯಲ್ಲೇ ಮಾಡಿದವರು ಯಾರು ಅಂತ ಇರುತ್ತೆ. ‘ಕಡಿತಗೊಂಡಿದೆ’ ಅಂದಾಗ ಅಲ್ಲಿ ಮನುಷ್ಯರೇ ಇಲ್ಲ, ದುಡ್ಡು ತಾನಾಗಿ ಕಡಿದುಕೊಂಡ ಹಾಗೆ. ‘ತೊಂದರೆಯಾಗಿದ್ದರೆ ಕ್ಷಮಿಸಿ’ಯಲ್ಲಿ ಇರುವ ‘ಇದ್ದರೆ’ ಕೂಡ ಅದೇ ಜಾತಿಯದು. ತಿಂಗಳ ಕೊನೆಯಲ್ಲಿ ₹250 ಹೋದವನಿಗೆ ತೊಂದರೆ ಆಗಿದೆ, ‘ಇದ್ದರೆ’ ಏನೂ ಇಲ್ಲ. ‘ಮರುಪಾವತಿ’ಗಿಂತ ‘ವಾಪಸ್’ ಬೇಗ ಅರ್ಥವಾಗುತ್ತೆ ಅಂತ ನನ್ನ ಅಭಿಪ್ರಾಯ, ಅದರಲ್ಲಿ ನಿಮ್ಮಿಷ್ಟ.

ಒಂಬತ್ತು ಜನರ ಮೆಸೇಜ್ ಬೇರೆ. ಅದರಲ್ಲಿ ‘ನಿಮ್ಮ ಎರಡರಲ್ಲಿ ಒಂದು ₹250 ಮಾತ್ರ ನಮಗೆ ತಲುಪಿದೆ. ಇನ್ನೊಂದು ಮಾರ್ಚ್ 13ರೊಳಗೆ ಬ್ಯಾಂಕಿನಿಂದಲೇ ವಾಪಸ್ ಬರಬೇಕು. ಬರದಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದು ದೂರು ಕೊಡಿ, ಅಲ್ಲಿರುವ 12 ಅಂಕಿಯ ರೆಫರೆನ್ಸ್ ನಂಬರನ್ನು ನಮಗೂ ಕಳಿಸಿ’ ಅಂತ ಇರಬೇಕು. ಪುಟ ‘ವಿಫಲ’ ಅಂದು ಗೊಂದಲ ಮಾಡಿದ್ದಕ್ಕೆ ಇಲ್ಲೂ ಕ್ಷಮೆ ಬೇಕು. ಎರಡು ಟಿಕೆಟ್ ಕೊಂಡ ಐದು ಜನಕ್ಕೆ ‘ನಿಮ್ಮ ಎರಡೂ ಟಿಕೆಟ್ ಸರಿಯಾಗಿವೆ’ ಅಂತ ಒಂದು ಸಾಲು ಸಾಕು.

ಮಾರ್ಚ್ 20ರ ಸಂಜೆ ಗೇಟ್‌ವೇಯಲ್ಲಿ 32 ರೀಫಂಡಿನ ಸ್ಥಿತಿಯನ್ನು ಒಂದೊಂದಾಗಿ ನೋಡಬೇಕು. ಮುಚ್ಚಿದ ಖಾತೆ ಅಂತ ಒಂದೆರಡು ವಿಫಲವಾಗಿರಬಹುದು. ಟಿಕೆಟ್ ದುಡ್ಡೆಲ್ಲ ಆಗಲೇ ತಂಡದ ಬ್ಯಾಂಕ್ ಖಾತೆಗೆ ಹೋಗಿ, ಗೇಟ್‌ವೇಯಲ್ಲಿ ಬ್ಯಾಲೆನ್ಸ್ ಸಾಲದೆ ಕೆಲವು ನಿಂತಿರಲೂಬಹುದು. ಅವರು ದೂರು ಕೊಡುವ ತನಕ ಕಾಯದೆ ಅವರಿಗಷ್ಟೇ ಇನ್ನೊಂದು ಮೆಸೇಜ್ ಹೋಗಬೇಕು: ಯಾವುದು ನಿಂತಿತು, ಮತ್ತೆ ಯಾವತ್ತು ಕಳಿಸಿದೆವು, ಹೊಸ ದಿನಾಂಕ ಯಾವುದು.