ಮತ್ತೆ ಮತ್ತೆ ಬರುವ ಪ್ರಶ್ನೆಗಳ ವಾರದ ಕರಡು ಪಟ್ಟಿ: 6ನೇ ತರಗತಿಯ ದಶಮಾಂಶ ಪಾಠದಿಂದ

ಬೋಧನಾಭ್ಯಾಸದ ಒಂದು ವಾರ ಮುಗಿಯುವ ಹೊತ್ತಿಗೆ ಪ್ರಶಿಕ್ಷಣಾರ್ಥಿಯ ಬಳಿ ಮಕ್ಕಳು ಬರೆದುಕೊಟ್ಟ ಪ್ರಶ್ನೆಚೀಟಿಗಳ ಕಟ್ಟು ಇರುತ್ತದೆ. ಹೆಚ್ಚು ಬಾರಿ ಬಂದ ನಾಲ್ಕೈದು ಪ್ರಶ್ನೆಗಳನ್ನು ಆರಿಸಿ ಉತ್ತರ ಬರೆದರೆ ಪಟ್ಟಿ ಆಯಿತು ಎನಿಸುತ್ತದೆ. ಆದರೆ ‘ಹೆಚ್ಚು ಬಾರಿ’ ಎಂಬುದನ್ನು ಎಣಿಸುವಲ್ಲೇ ತೊಡಕಿದೆ. ಬೇರೆ ಬೇರೆ ಮಾತಿನ ನಾಲ್ಕು ಚೀಟಿಗಳ ಹಿಂದೆ ಒಂದೇ ತಪ್ಪು ತಿಳಿವಳಿಕೆ ಇರಬಹುದು. ಒಂದೇ ಮಾತಿನ ಎರಡು ಚೀಟಿಗಳ ಹಿಂದೆ ಎರಡು ಬಗೆಯ ತಿಳಿವಳಿಕೆ ಇರಬಹುದು. ದಶಮಾಂಶಗಳ ಪಾಠದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಚೀಟಿಯಲ್ಲಿ ಮೂರು ಸಾಲು

ತರಗತಿಯ ಕೊನೆಯ ಮೂರು ನಿಮಿಷದಲ್ಲಿ ಚೀಟಿ ಬರೆಸಿ. ಮೊದಲ ಸಾಲಿನಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಯಾವ ಸಂಖ್ಯೆಯ ಬಳಿ ಸಂದೇಹ ಬಂತು, ಮೂರನೆಯದರಲ್ಲಿ ‘ನನಗೆ ಅನಿಸುವ ಉತ್ತರ, ಏಕೆಂದರೆ…’ ಎಂದಿರಲಿ. ಹಿಂಬದಿಯಲ್ಲಿ ಹಾಜರಿ ಸಂಖ್ಯೆ ಬರೆಸಿದರೆ, ಒಂದೇ ಮಗು ಒಂದೇ ಸಂದೇಹವನ್ನು ಮೂರು ದಿನ ಬರೆದರೂ ಒಂದೇ ಎಂದು ಎಣಿಸಬಹುದು.

ಶನಿವಾರದ ವಿಂಗಡಣೆ

ವಾರದ ಕಟ್ಟಿನಲ್ಲಿ ಈ ನಾಲ್ಕು ಚೀಟಿಗಳಿವೆ ಎಂದುಕೊಳ್ಳೋಣ:

- ‘0.4ಕ್ಕಿಂತ 0.25 ದೊಡ್ಡದಲ್ವಾ? 25 ಜಾಸ್ತಿ ಅಲ್ವಾ?’
- ‘2.5 ರೂಪಾಯಿ ಅಂದ್ರೆ ಎರಡು ರೂಪಾಯಿ ಐದು ಪೈಸೆನಾ?’
- ‘0.9 ಆದ್ಮೇಲೆ 0.10 ಬರಲ್ವಾ?’
- ‘0.5, 0.50 ಎರಡೂ ಒಂದೇ ಹೇಗೆ? 50 ದೊಡ್ಡದು.’

ಮಾತನ್ನು ನೋಡಿ ವಿಂಗಡಿಸಿದರೆ ಹೋಲಿಕೆ, ಹಣ, ಎಣಿಕೆ, ಸೊನ್ನೆ ಎಂದು ನಾಲ್ಕು ಶೀರ್ಷಿಕೆಗಳಾಗುತ್ತವೆ. ಪ್ರತಿಯೊಂದಕ್ಕೂ ಒಂದೊಂದೇ ಚೀಟಿ ಇರುವುದರಿಂದ ಯಾವುದೂ ಪಟ್ಟಿಗೆ ಏರುವುದಿಲ್ಲ. ಮೂರನೆಯ ಸಾಲನ್ನು ಓದಿದರೆ ನಾಲ್ಕರ ಬುಡವೂ ಒಂದೇ: ಬಿಂದುವಿನ ಬಲಕ್ಕಿರುವುದನ್ನು ಮಗು ಇನ್ನೊಂದು ಪೂರ್ಣ ಸಂಖ್ಯೆ ಎಂದು ಓದುತ್ತಿದೆ. ಈಗ ಇದು ನಾಲ್ಕು ಬಾರಿ ಬಂದ ಒಂದು ಪ್ರಶ್ನೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ‘0.4, 0.25 ಇದರಲ್ಲಿ ದೊಡ್ಡದು ಯಾವುದು?’ ಎಂದು ಇಬ್ಬರು ಕೇಳಿದ್ದಾರೆ. ಒಬ್ಬ ವಿದ್ಯಾರ್ಥಿ ‘0.25, 25 ದೊಡ್ಡದು’ ಎಂದಿದ್ದಾನೆ. ಇನ್ನೊಬ್ಬಳು ‘0.4, ಏಕೆಂದರೆ ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು’ ಎಂದಿದ್ದಾಳೆ. ಅವಳ ಉತ್ತರ ಸರಿ. ಆದರೆ ಅದೇ ಕಾರಣದಿಂದ ಅವಳು 0.83ಕ್ಕಿಂತಲೂ 0.4 ದೊಡ್ಡದು ಎನ್ನಬಹುದು. ಭಾಗ ಚಿಕ್ಕದಾದರೂ ಅಂಥ ಭಾಗಗಳು ಎಷ್ಟಿವೆ ಎಂಬುದನ್ನು ಅವಳು ನೋಡುತ್ತಿಲ್ಲ. ಇವೆರಡನ್ನೂ ಒಂದೇ ಪ್ರಶ್ನೆಯೆಂದು ಎಣಿಸಬಾರದು.

ಪಟ್ಟಿಯ ಒಂದು ಸಾಲು

ಪ್ರತಿ ಸಾಲಿನಲ್ಲಿ ಮಗುವಿನ ಮಾತಿನಲ್ಲೇ ಪ್ರಶ್ನೆ, ಕೇಳಿದವರ ಸಂಖ್ಯೆ, ಹಿಂದಿರುವ ಕಾರಣ, ಕರಡು ಉತ್ತರ, ಪರೀಕ್ಷಿಸುವ ಲೆಕ್ಕ ಇರಲಿ. ಉತ್ತರ ಕಾರಣಕ್ಕೆ ತಾಗಬೇಕು. ‘ಕೊನೆಗೆ ಸೊನ್ನೆ ಸೇರಿಸಿ ಅಂಕಿಗಳನ್ನು ಸರಿಸಮ ಮಾಡು’ ಎಂದರೆ ಮಗು 40 ಮತ್ತು 25ನ್ನು ಹೋಲಿಸಿ ಸರಿಯುತ್ತರ ಬರೆಯುತ್ತದೆ, ಆದರೆ ಬಲಭಾಗವನ್ನು ಪೂರ್ಣ ಸಂಖ್ಯೆಯಾಗಿ ಓದುವ ಅಭ್ಯಾಸ ಹಾಗೆಯೇ ಉಳಿಯಬಹುದು. 0.9ರ ನಂತರ 0.1 ಕೂಡಿಸಿದರೆ ಏನು ಎಂದು ಕೇಳಿ ನೋಡಿ, ಮತ್ತೆ 0.10 ಎಂದರೆ ಅಭ್ಯಾಸ ಹೋಗಿಲ್ಲ.

ಬದಲಿಗೆ ನೂರು ಚೌಕಗಳ ಹಾಳೆಯನ್ನು ಬಳಸಬಹುದು. ಇಡೀ ಹಾಳೆ 1. ಒಂದು ಕಂಬಸಾಲು 0.1, ಒಂದು ಚೌಕ 0.01. 0.4ಕ್ಕೆ ನಾಲ್ಕು ಕಂಬಸಾಲು, ಅಂದರೆ 40 ಚೌಕ, 0.25ಕ್ಕೆ ಎರಡು ಕಂಬಸಾಲು, ಐದು ಚೌಕ. ಒಂಬತ್ತು ಕಂಬಸಾಲಿಗೆ ಇನ್ನೊಂದು ಸೇರಿದರೆ ಹಾಳೆ ತುಂಬಿ 1 ಆಗುತ್ತದೆ. 0.10 ಎಂದರೆ ಹತ್ತು ಚೌಕ, ಅದೇ ಒಂದು ಕಂಬಸಾಲು.

‘ಕರಡು’ ಎಂಬ ಪದ ಯಾವಾಗ ಅಳಿಸುವುದು?

ಸೋಮವಾರ, ಪ್ರಶ್ನೆ ಕೇಳಿದವರಲ್ಲೇ ಮೂವರಿಗೆ ಉತ್ತರ ಓದಿಸಿ, ಹೊಸ ಸಂಖ್ಯೆಗಳನ್ನು ಕೊಡಿ: 0.6 ಮತ್ತು 0.37; 0.6 ಮತ್ತು 0.72. ಪೂರ್ಣ ಸಂಖ್ಯೆಯಂತೆ ಓದುವವರು ಮೊದಲ ಜೋಡಿಯಲ್ಲಿ ತಪ್ಪುತ್ತಾರೆ. ನೂರನೇ ಭಾಗವೆಂದರೆ ಯಾವಾಗಲೂ ಚಿಕ್ಕದು ಎನ್ನುವವರು ಎರಡನೆಯದರಲ್ಲಿ. ಒಂದೇ ಜೋಡಿ ಕೊಟ್ಟರೆ ಒಂದು ಗುಂಪಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಎರಡರಲ್ಲೂ ಸರಿಯುತ್ತರ ಕೊಟ್ಟು, ಹಾಳೆಯ ಮೇಲೆ ತೋರಿಸಿದರೆ ಆ ಸಾಲು ಪಕ್ಕಾ ಆಯಿತು. ಇಲ್ಲವಾದರೆ ಉತ್ತರವನ್ನು ತಿದ್ದಬೇಕು.

ಚೀಟಿಗಳಿಗೊಂದು ಮಿತಿಯಿದೆ. ತನಗೆ ಎಲ್ಲ ತಿಳಿದಿದೆ ಎಂದುಕೊಂಡ ಮಗು ಪ್ರಶ್ನೆ ಬರೆಯುವುದಿಲ್ಲ. ‘2.5 ರೂ. = 2 ರೂ. 5 ಪೈಸೆ’ ಎಂದು ನಿಸ್ಸಂದೇಹವಾಗಿ ಬರೆದ ಮಗು ಸಿಗುವುದು ಮನೆಗೆಲಸದ ಪುಸ್ತಕದಲ್ಲಿ. ಹೀಗಾಗಿ ಪಟ್ಟಿ ಮುಗಿಸುವ ಮುನ್ನ ಪುಸ್ತಕಗಳನ್ನೂ ತಿರುವಿ, ಅಲ್ಲಿ ಕಂಡ ತಪ್ಪುಗಳನ್ನು ಪಕ್ಕದಲ್ಲಿ ಬೇರೆಯಾಗಿ ಗುರುತಿಸಿ. ಕೇಳಿದವರ ಎಣಿಕೆಗೆ ಅವನ್ನು ಸೇರಿಸಬೇಡಿ. ಮುಂದಿನ ಪಾಠಯೋಜನೆಗೆ ಎರಡೂ ಬೇಕು.