ಗಗನೇಂದ್ರನಾಥ ಠಾಕೂರರ ಕ್ಯೂಬಿಸಂ: ಯಾರ ನವ್ಯಕಲೆ ಲೆಕ್ಕಕ್ಕೆ ಬರುತ್ತದೆ?
(ಮುಖ್ಯಾಂಶಗಳು)

ಒಂದೇ ಮಾತಿನಲ್ಲಿ

ಪ್ಯಾರಿಸ್ಸಿನ ಕಲಾವಿದ ಆಫ್ರಿಕಾದ ಮುಖವಾಡದಿಂದ ಕಲಿತರೆ ಅದು ಹೊಸ ಶೋಧ, ಕಲ್ಕತ್ತೆಯ ಕಲಾವಿದ ಪ್ಯಾರಿಸ್ಸಿನಿಂದ ಕಲಿತರೆ ಅದು ನಕಲು. ಕಲಾ ಇತಿಹಾಸದ ಈ ಎರಡು ಅಳತೆಗೋಲುಗಳು ಎಲ್ಲಿ ಹುಟ್ಟಿದವು, ಎಲ್ಲಿ ಪ್ರಶ್ನೆಗೊಳಗಾದವು ಎಂಬುದಕ್ಕೆ ಗಗನೇಂದ್ರನಾಥರು ಒಳ್ಳೆಯ ಉದಾಹರಣೆ.

1. ವ್ಯಕ್ತಿ ಮತ್ತು ಹಿನ್ನೆಲೆ

- ಗಗನೇಂದ್ರನಾಥ ಠಾಕೂರ್ (1867–1938) ಕಲ್ಕತ್ತೆಯ ಜೋಡಾಸಾಂಕೋ ಮನೆತನದವರು. ರವೀಂದ್ರನಾಥರಿಗೆ ದಾಯಾದಿ ಅಣ್ಣನ ಮಗನಾಗಬೇಕು. ಚಿತ್ರಕಾರ ಅವನೀಂದ್ರನಾಥರು ಇವರ ತಮ್ಮ, ಚಿತ್ರಕಾರ್ತಿ ಸುನಯನೀ ದೇವಿ ತಂಗಿ.
- ತಮ್ಮ ಅವನೀಂದ್ರನಾಥರು ಬಂಗಾಳ ಕಲಾಪಂಥದ ಮುಂದಾಳು. ಅಜಂತಾ, ಮೊಗಲ್ ಚಿತ್ರ ಮತ್ತು ಜಪಾನಿನ ಬಣ್ಣ ತೊಳೆಯುವ ವಿಧಾನ ಸೇರಿಸಿ 'ಭಾರತೀಯ' ಶೈಲಿ ಕಟ್ಟುವುದು ಆ ಪಂಥದ ಗುರಿಯಾಗಿತ್ತು. 1907ರಲ್ಲಿ ಸ್ಥಾಪನೆಯಾದ 'ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್' ಅದಕ್ಕೆ ವೇದಿಕೆಯಾಯಿತು.
- ಗಗನೇಂದ್ರನಾಥರು ಈ ವಲಯದೊಳಗೇ ಇದ್ದರೂ ಒಂದೇ ಶೈಲಿಗೆ ಅಂಟಿಕೊಳ್ಳಲಿಲ್ಲ. ರವೀಂದ್ರರ ಆತ್ಮಕಥನಕ್ಕೆ ಚಿತ್ರ ಬರೆದರು, ಬಾಬುಗಳನ್ನು ಲೇವಡಿ ಮಾಡುವ ವ್ಯಂಗ್ಯಚಿತ್ರಗಳ ಸಂಪುಟ ತಂದರು, ರಂಗಸಜ್ಜಿಕೆ ಮಾಡಿದರು. ಕ್ಯೂಬಿಸಂ ಅಂದರೆ ಘನಾಕೃತಿ ಶೈಲಿಯತ್ತ ತಿರುಗಿದ್ದು 1920ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ.

ಕರ್ನಾಟಕದ ಕೊಂಡಿ: ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿದ್ದರು. ಮುಂದೆ ಊಟಿ, ಕೊಡೈಕನಾಲ್‌ಗಳ ಜಲವರ್ಣ ಭೂದೃಶ್ಯಗಳಿಂದ ಹೆಸರಾದರು. ಒಂದೇ ವಲಯದಿಂದ ಹೊರಟವರು ಬೇರೆ ಬೇರೆ ದಾರಿ ಹಿಡಿದರು ಎಂಬುದಕ್ಕೆ ಇದು ಸಾಕ್ಷಿ.

2. 1922ರ ಕಲ್ಕತ್ತೆ ಪ್ರದರ್ಶನ

- 1922ರ ಡಿಸೆಂಬರ್‌ನಲ್ಲಿ ಓರಿಯೆಂಟಲ್ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಕ್ಕೆ ಜರ್ಮನಿಯ ವೈಮಾರ್‌ನ ಬೌಹೌಸ್ ಕಲಾಶಾಲೆಯಿಂದ ಕೃತಿಗಳು ಬಂದವು. ಕ್ಲೇ, ಕ್ಯಾಂಡಿನ್‌ಸ್ಕಿ, ಇಟ್ಟೆನ್, ಫೈನಿಂಗರ್ ಅವರ ಕೃತಿಗಳು ಅದರಲ್ಲಿದ್ದವು.
- ರವೀಂದ್ರರು 1921ರಲ್ಲಿ ವೈಮಾರ್‌ಗೆ ಹೋಗಿದ್ದರು. ಕೃತಿಗಳನ್ನು ತರಿಸಲು ಇಟ್ಟೆನ್‌ಗೆ ಪತ್ರ ಬರೆದವರು ಸ್ಟೆಲ್ಲಾ ಕ್ರಾಮ್ರಿಶ್. ಆಗ ಆಕೆ ಬಂಗಾಳದಲ್ಲಿದ್ದ ಕಲಾ ಇತಿಹಾಸಕಾರ್ತಿ.
- ಗಗನೇಂದ್ರನಾಥ ಮತ್ತು ಸುನಯನೀ ದೇವಿಯವರ ಚಿತ್ರಗಳು ಅದೇ ಪ್ರದರ್ಶನದಲ್ಲಿದ್ದವು.

ಗಮನಿಸಿ: 'ಬೌಹೌಸ್ ನೋಡಿದ ಮೇಲೆ ಗಗನೇಂದ್ರನಾಥರು ಕ್ಯೂಬಿಸ್ಟ್ ಆದರು' ಎಂದು ಬರೆಯುವುದು ತಪ್ಪು. ಪ್ರದರ್ಶನಕ್ಕೆ ಮೊದಲೇ, ಅದೇ ವರ್ಷ, 'ರೂಪಂ' ಪತ್ರಿಕೆಯಲ್ಲಿ ಕ್ರಾಮ್ರಿಶ್ ಇವರನ್ನು ಭಾರತೀಯ ಕ್ಯೂಬಿಸ್ಟ್ ಎಂದು ಕರೆದು ಲೇಖನ ಬರೆದಿದ್ದರು.

3. ಚಿತ್ರವನ್ನೇ ಹೋಲಿಸಿ ನೋಡಿ

ಪಿಕಾಸೋ 1910ರಲ್ಲಿ ಬರೆದ, ಕಲಾಕೃತಿ ವ್ಯಾಪಾರಿ ಕಾನ್‌ವೈಲರ್ ಅವರ ಭಾವಚಿತ್ರದಲ್ಲಿ ಮನುಷ್ಯ ಕಂದು-ಬೂದು ಚೂರುಗಳಾಗಿ ಒಡೆದುಹೋಗಿದ್ದಾನೆ. ಎದುರಿಗಿರುವ ಒಂದು ವಸ್ತುವನ್ನು ಹಲವು ಕೋನಗಳಿಂದ ಬಿಡಿಸಿ ನೋಡುವುದೇ ಅಲ್ಲಿನ ಪ್ರಶ್ನೆ. ಕಥೆ ಇಲ್ಲ, ಬೆಳಕಿನ ಆಟಕ್ಕೂ ಮಹತ್ವವಿಲ್ಲ.

ಗಗನೇಂದ್ರನಾಥರ ದ್ವಾರಕೆಯ ಚಿತ್ರಗಳಲ್ಲಿ ಒಡೆಯುವುದು ವಸ್ತುವಲ್ಲ, ಜಾಗ. ಮೆಟ್ಟಿಲು, ಕಮಾನು, ಗೋಡೆಗಳು ಒಂದರ ಮೇಲೊಂದು ಏರುತ್ತವೆ. ನೆರಳು ಬೆಳಕಿನ ಪಟ್ಟಿಗಳು ಅಡ್ಡಾದಿಡ್ಡಿ ಹಾಯುತ್ತವೆ. ಕೊನೆಗೂ ಅದು ಪುರಾಣದ ಊರಾಗಿಯೇ ಉಳಿಯುತ್ತದೆ. ಕಾಗದದ ಮೇಲಿನ ಸಣ್ಣ ಅಳತೆಯ ಜಲವರ್ಣವೇ ಹೆಚ್ಚು, ದೊಡ್ಡ ಕ್ಯಾನ್ವಾಸಿನ ತೈಲವರ್ಣವಲ್ಲ. ಕಥೆ ಹೇಳುವ ಚಿತ್ರದ ಸಂಪ್ರದಾಯವೂ ರಂಗದ ದೀಪ ನೋಡಿ ಪಳಗಿದ ಕಣ್ಣೂ ಇಲ್ಲಿ ಸೇರಿವೆ.

ನೆನಪಿನ ಸೂತ್ರ: ಪಿಕಾಸೋ ವಸ್ತುವನ್ನು ಒಡೆದರು, ಗಗನೇಂದ್ರನಾಥರು ಬೆಳಕು ಬಿದ್ದ ಜಾಗವನ್ನು ಒಡೆದರು.

4. ಎರಡು ಕಡೆಯ ಒತ್ತಡ

- ಹೊರಗಿನ ತೀರ್ಪು: ಡಬ್ಲ್ಯು. ಜಿ. ಆರ್ಚರ್ ಐ.ಸಿ.ಎಸ್. ಅಧಿಕಾರಿಯಾಗಿದ್ದು, ಆಮೇಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಭಾರತೀಯ ವಿಭಾಗ ನೋಡಿಕೊಂಡವರು. 1959ರ 'ಇಂಡಿಯಾ ಅಂಡ್ ಮಾಡರ್ನ್ ಆರ್ಟ್' ಪುಸ್ತಕದಲ್ಲಿ ಅವರು ಗಗನೇಂದ್ರನಾಥರ ಕ್ಯೂಬಿಸಂ ಅನ್ನು ಸೋತ ಅನುಕರಣೆ ಎಂದು ತಳ್ಳಿಹಾಕಿದರು. ಆದರೆ ಎಲ್ಲ ಭಾರತೀಯರನ್ನೂ ತಳ್ಳಿಹಾಕಲಿಲ್ಲ. ರವೀಂದ್ರನಾಥ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಅವರನ್ನು ಮೆಚ್ಚಿದರು.
- ಒಳಗಿನ ಒತ್ತಾಯ: ಚಿತ್ರ 'ಭಾರತೀಯ'ವಾಗಿ ಕಾಣಬೇಕೆಂಬ ನಿರೀಕ್ಷೆ ಸ್ವದೇಶಿ ಕಾಲದಲ್ಲಿ ಬಲವಾಗಿತ್ತು. 1922ರಲ್ಲಿ ಸಮಾಜಶಾಸ್ತ್ರಜ್ಞ ಬಿನೋಯ್ ಸರ್ಕಾರ್ 'ರೂಪಂ'ನಲ್ಲಿ ಇದಕ್ಕೆ ಎದುರು ನಿಂತು, ಚಿತ್ರವನ್ನು ರೂಪದಿಂದ ಅಳೆಯಬೇಕೇ ಹೊರತು ದೇಶದಿಂದಲ್ಲ ಎಂದು ವಾದಿಸಿದರು. ಅದೇ ಪತ್ರಿಕೆಯಲ್ಲಿ ಅವರಿಗೆ ಉತ್ತರಗಳೂ ಬಂದವು.

ಹೀಗೆ ಒಬ್ಬನೇ ಕಲಾವಿದ ಒಂದು ಕಡೆ ಸಾಕಷ್ಟು ಭಾರತೀಯನಲ್ಲ, ಇನ್ನೊಂದು ಕಡೆ ಸಾಕಷ್ಟು ನವ್ಯನಲ್ಲ ಎನಿಸಿಕೊಂಡ.

5. ಅಳತೆಗೋಲನ್ನೇ ಪ್ರಶ್ನಿಸಿದ್ದು

- ಕಲಾ ಇತಿಹಾಸಕಾರ ಪಾರ್ಥ ಮಿತ್ತರ್ ('ದಿ ಟ್ರಯಂಫ್ ಆಫ್ ಮಾಡರ್ನಿಸಂ', 2007) ಆರ್ಚರ್ ಧೋರಣೆಗೆ 'ಪಿಕಾಸೋ ಮಾಂಕೆ' ರೋಗಲಕ್ಷಣವೆಂದು ಹೆಸರಿಟ್ಟರು. ಪಿಕಾಸೋ ಆಗಲು ಹೊರಟು ಆಗದೆ ಹೋದವನು ಎಂದು ಇದರರ್ಥ. ಪ್ರಭಾವ ಮೂಲದಿಂದ ಅಂಚಿಗೆ ಮಾತ್ರ ಹರಿಯುತ್ತದೆ, ತಡವಾಗಿ ಬಂದದ್ದು ಕೀಳು ಎಂಬ ನಂಬಿಕೆ ಈ ತೀರ್ಪಿನ ಬೇರು ಎಂದು ಅವರು ತೋರಿಸಿದರು.
- ಪಿಕಾಸೋ 1907ರಲ್ಲಿ ಪ್ಯಾರಿಸ್ಸಿನ ತ್ರೋಕಾದೆರೋ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡಗಳನ್ನು ನೋಡಿದರು. 1984ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಇಂಥ ಸಂಬಂಧಗಳನ್ನು 'ನಂಟು' ಎಂದು ಪ್ರದರ್ಶಿಸಿತು. ಆ ಪ್ರದರ್ಶನದಲ್ಲಿ ಮುಖವಾಡ ಕೆತ್ತಿದವರ ಉದ್ದೇಶ, ಕಾಲ ಎರಡೂ ಮರೆಯಾದವು ಎಂದು ಕಲಾವಿಮರ್ಶಕ ಥಾಮಸ್ ಮೆಕ್‌ಎವಿಲಿ ಟೀಕಿಸಿದರು.
- 2013ರಲ್ಲಿ ಜರ್ಮನಿಯ ಡೆಸ್ಸೌ ಬೌಹೌಸ್ ಪ್ರತಿಷ್ಠಾನ 1922ರ ಕಲ್ಕತ್ತೆ ಪ್ರದರ್ಶನವನ್ನೇ ವಿಷಯವಾಗಿಸಿ ಪ್ರದರ್ಶನ ಏರ್ಪಡಿಸಿತು.

6. ಎಚ್ಚರ: ಅತಿ ಮಾಡಬೇಡಿ

ಗಗನೇಂದ್ರನಾಥರು ಕ್ಯೂಬಿಸಂ ಕಂಡುಹಿಡಿಯಲಿಲ್ಲ. ಅದರ ಭಾಷೆಯನ್ನು ತಿಳಿದೇ ತೆಗೆದುಕೊಂಡರು. 1930ರಲ್ಲಿ ಪಾರ್ಶ್ವವಾಯು ಬಡಿದು ಕುಂಚ ನಿಂತಿತು. ಅವರ ದಾರಿಯಲ್ಲಿ ಒಂದು ಪಂಥವೂ ಬೆಳೆಯಲಿಲ್ಲ. ಆದ್ದರಿಂದ 'ಪಿಕಾಸೋಗೆ ಸರಿಸಮ' ಎಂದು ಬರೆದರೆ ಮತ್ತೆ ಪಿಕಾಸೋ ಕೈಗೇ ಅಳತೆಗೋಲು ಕೊಟ್ಟಂತೆ. ಎರವಲು ತಂದದ್ದರಿಂದ ಯಾವ ಹೊಸ ಪ್ರಶ್ನೆಗೆ ಉತ್ತರ ಹುಡುಕಿದರು ಎಂದು ಕೇಳುವುದೇ ಸರಿಯಾದ ಕ್ರಮ. ಈ ಪ್ರಶ್ನೆಯನ್ನು ಪಿಕಾಸೋಗೂ ಕೇಳಬೇಕು.

ಐದು ಅಂಕದ ಪ್ರಶ್ನೆಗೆ ಚೌಕಟ್ಟು

*ಪ್ರಶ್ನೆ: ಗಗನೇಂದ್ರನಾಥರ ಕ್ಯೂಬಿಸಂ ಅನುಕರಣೆಯೇ? ಚರ್ಚಿಸಿ.*

ಮೊದಲು 1922ರ ಸಂದರ್ಭವನ್ನು ಎರಡು ಸಾಲಿನಲ್ಲಿ ಹೇಳಿ. ನಂತರ ಆರ್ಚರ್ ತೀರ್ಪು ಮತ್ತು ಮಿತ್ತರ್ ಉತ್ತರವನ್ನು ಎದುರುಬದುರು ಇಡಿ. ದ್ವಾರಕೆ ಮತ್ತು ಕಾನ್‌ವೈಲರ್ ಚಿತ್ರಗಳ ಹೋಲಿಕೆಯಿಂದ ನಿಮ್ಮ ನಿಲುವನ್ನು ಸಮರ್ಥಿಸಿ. ಬರೀ ವಿಮರ್ಶಕರ ಹೆಸರು ಪಟ್ಟಿ ಮಾಡಿದರೆ ಸಾಲದು. ಚಿತ್ರದಲ್ಲಿ ಏನು ಕಾಣುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಾದರೂ ಬರೆಯಿರಿ.