ಇಳಿದಳೋ, ಇಳಿದನೋ? ಯಂತ್ರದ ಊಹೆಯನ್ನು ಕೈಯಾರೆ ಮಾಡಿ ನೋಡಿ

ಚಾಟ್‌ಜಿಪಿಟಿಯಂಥ ಯಂತ್ರಗಳು ಬರೆಯುವಾಗ ಮಾಡುವ ಕೆಲಸ ಒಂದೇ. ಈವರೆಗಿನ ಬರಹವನ್ನು ನೋಡಿ, ಮುಂದೆ ಯಾವ ಪದ ಅಥವಾ ಪದದ ತುಣುಕು ಬರಬಹುದೆಂದು ಊಹಿಸುತ್ತವೆ. ಊಹಿಸಿದ್ದನ್ನು ಸಾಲಿನ ತುದಿಗೆ ಸೇರಿಸಿ, ಉದ್ದವಾದ ಸಾಲನ್ನು ಇಟ್ಟುಕೊಂಡು ಮುಂದಿನ ತುಣುಕು ಊಹಿಸುತ್ತವೆ. ಪುಟಗಟ್ಟಲೆ ಉತ್ತರ ಬರುವುದೂ ಹೀಗೇ. ಇಷ್ಟರಿಂದಲೇ ವಿಭಕ್ತಿ, ಲಿಂಗ, ವಚನ ತಪ್ಪದ ಕನ್ನಡ ಹೇಗೆ ಬರುತ್ತದೆ ಎಂಬುದನ್ನು ಕಂಪ್ಯೂಟರ್ ಮುಟ್ಟದೆಯೂ ತಿಳಿದುಕೊಳ್ಳಬಹುದು. ಒಂದಷ್ಟು ಹಳೆಯ ಪತ್ರಿಕೆ, ಪೆನ್ಸಿಲ್, ಖಾಲಿ ಹಾಳೆ ಎತ್ತಿಟ್ಟುಕೊಳ್ಳಿ.

ಹಂತ 1: ಪತ್ರಿಕೆಯಿಂದಲೇ ವಾಕ್ಯ ಹೆಣೆಯಿರಿ

ಪತ್ರಿಕೆಯ ಯಾವುದೋ ಪುಟ ತೆರೆದು ಒಂದು ಪದಕ್ಕೆ ಬೆರಳಿಡಿ. ಅದನ್ನು ಹಾಳೆಯಲ್ಲಿ ಬರೆಯಿರಿ. ಬೇರೊಂದು ಪುಟಕ್ಕೆ ಹೋಗಿ ಅದೇ ಪದ ಮತ್ತೆ ಸಿಗುವವರೆಗೆ ಹುಡುಕಿ, ಅಲ್ಲಿ ಅದರ ಪಕ್ಕದಲ್ಲಿರುವ ಪದವನ್ನು ಬರೆದುಕೊಳ್ಳಿ. ಈಗ ಆ ಎರಡನೆಯ ಪದವನ್ನು ಇನ್ನೊಂದು ಪುಟದಲ್ಲಿ ಹುಡುಕಿ. ಹೀಗೆ ಹತ್ತಿಪ್ಪತ್ತು ಪದ ಸೇರಲಿ. ಇದು ನನ್ನ ಉಪಾಯವಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಪುಸ್ತಕ ಹಿಡಿದು ಇಂಗ್ಲಿಷಿನಲ್ಲಿ ಮಾಡಿ ತೋರಿಸಿದ್ದು.

ಕನ್ನಡದಲ್ಲಿ ಮಾಡಿದರೆ ಬರುವುದು ಇಂಥದ್ದು: 'ನಗರದ ವಿವಿಧ ಕಡೆ ಮಳೆ ಬಂದರೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ಅವರು ಈ ಸಂದರ್ಭದಲ್ಲಿ'. ಯಾವ ಎರಡು ಅಕ್ಕಪಕ್ಕದ ಪದ ತೆಗೆದುಕೊಂಡರೂ ಸರಿಯಾಗಿವೆ. ಒಟ್ಟಾರೆ ಅರ್ಥವಿಲ್ಲ. (ಕೆಲವು ಭಾಷಣಗಳೂ ಹೀಗೇ ಇರುತ್ತವೆ ಎಂದು ಓದುಗರು ಗೊಣಗಿದರೆ ನನ್ನ ತಕರಾರಿಲ್ಲ.) ಕಾರಣ ಸ್ಪಷ್ಟ: ಪ್ರತಿ ಪದವನ್ನು ಆರಿಸುವಾಗ ನೀವು ನೋಡಿದ್ದು ಹಿಂದಿನ ಒಂದೇ ಒಂದು ಪದವನ್ನು.

ನಿಮಗೆ ಇನ್ನೊಂದು ತೊಡಕೂ ಎದುರಾಗಿರುತ್ತದೆ. 'ಎಂದು', 'ಹಾಗೂ', 'ಈ' ಬೇಗ ಸಿಗುತ್ತವೆ. 'ಬಸವೇಶ್ವರನಗರದಲ್ಲಿರುವವರಿಗೂ' ಎಂಬ ಪದ ಎರಡನೆಯ ಸಲ ಸಿಗುವುದು ಕಷ್ಟ. ಕನ್ನಡದಲ್ಲಿ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿ ಒಂದೇ ಪದಕ್ಕೆ ನೂರಾರು ರೂಪಗಳಾಗುತ್ತವೆ. ಹಾಗಾಗಿ ಯಂತ್ರ ಇಡೀ ಪದಗಳನ್ನು ಇಟ್ಟುಕೊಳ್ಳದೆ, ಪದೇ ಪದೇ ಬರುವ ತುಣುಕುಗಳನ್ನು ಇಟ್ಟುಕೊಳ್ಳುತ್ತದೆ. ಇವಕ್ಕೆ ಟೋಕನ್ ಎಂದು ಹೆಸರು.

ತುಣುಕು ಮಾಡುವುದರಲ್ಲೂ ಕನ್ನಡಕ್ಕೆ ಪೆಟ್ಟು ಬೀಳುತ್ತದೆ. ಹೆಚ್ಚಾಗಿ ಇಂಗ್ಲಿಷ್ ಓದಿದ ಯಂತ್ರ ಕನ್ನಡದ ಪದವನ್ನು ಪುಡಿಪುಡಿ ಮಾಡುತ್ತದೆ. ಬೆಂಗಳೂರಿನ ಸರ್ವಂ ಎಐ ಕಂಪನಿ ಕನ್ನಡವೂ ಸೇರಿ ಭಾರತದ 10 ಭಾಷೆಗಳಿಗೆಂದು 2024ರಲ್ಲಿ ಹೊರತಂದ ಸರ್ವಂ-1 ಮಾದರಿಯಲ್ಲಿ ಮೊದಲು ಸರಿಪಡಿಸಿದ್ದು ಇದನ್ನೇ. ತಮ್ಮಲ್ಲಿ ಪದವೊಂದಕ್ಕೆ ಸರಾಸರಿ 1.4ರಿಂದ 2.1 ತುಣುಕು, ಬೇರೆ ಮಾದರಿಗಳಲ್ಲಿ 4ರಿಂದ 8 ಎಂಬುದು ಕಂಪನಿಯ ಲೆಕ್ಕ. ತುಣುಕು ಹೆಚ್ಚಾದಷ್ಟೂ ಯಂತ್ರದ ಕೆಲಸ ಏಕೆ ಏರುತ್ತದೆಂಬುದು ಮೂರನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ವಾಕ್ಯದ ತಲೆ ಮುಚ್ಚಿ

ಹಾಳೆಯಲ್ಲಿ ಈ ಸಾಲು ಬರೆಯಿರಿ:

'ಮಂಜುಳಾ ತಮ್ಮನ ಜೊತೆ ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ವಿಜಯನಗರ ದಾಟಿ ಕೆಂಗೇರಿಯಲ್ಲಿ ಇಳಿದ…'

ಕೊನೆಗೆ ಬರಬೇಕಾದ್ದು 'ಳು'. ನಿಮಗೆ ಯೋಚನೆಯೂ ಬೇಕಾಗಲಿಲ್ಲ. ಈಗ ಎಡಗೈಯಿಂದ ಸಾಲಿನ ಆರಂಭ ಮುಚ್ಚಿ, 'ಕೆಂಗೇರಿಯಲ್ಲಿ ಇಳಿದ' ಮಾತ್ರ ಕಾಣುವಂತೆ ಮಾಡಿ. ಳು, ನು, ರು ಮೂರೂ ಸಾಧ್ಯ. ಕೈಯನ್ನು ಒಂದೊಂದೇ ಪದ ಎಡಕ್ಕೆ ಸರಿಸಿ. ವಿಜಯನಗರ, ಮಾರ್ಗ, ಮೆಜೆಸ್ಟಿಕ್, ರಾಜಾಜಿನಗರ ಯಾವುದೂ ಸಹಾಯಕ್ಕೆ ಬರುವುದಿಲ್ಲ. 'ತಮ್ಮನ ಜೊತೆ' ಬಂದಾಗ ದಾರಿ ತಪ್ಪುವ ಸಾಧ್ಯತೆಯೂ ಇದೆ, ಅಲ್ಲೊಬ್ಬ ಗಂಡು ಇದ್ದಾನಲ್ಲ. ಸಾಲಿನ ಮೊದಲ ಪದ ಕಂಡಾಗಲೇ ಉತ್ತರ ಖಚಿತ.

ಶ್ಯಾನನ್ ಆಟ ಸೋಲುವುದು ಇಲ್ಲಿ. ಹಿಂದಿನ ನಾಲ್ಕೈದು ಪದ ನೋಡಿದರೂ ಸಾಲದು. ಕನ್ನಡದಲ್ಲಿ ಕರ್ತೃ ಸಾಮಾನ್ಯವಾಗಿ ಮೊದಲಿಗೆ, ಕ್ರಿಯಾಪದ ಕೊನೆಗೆ. ನಡುವೆ ಎಷ್ಟು ಬೇಕಾದರೂ ತುಂಬಬಹುದು. ಮೊದಲಿನದು ಕೊನೆಯದನ್ನು ನಿರ್ಧರಿಸುತ್ತದೆ. ಹಿಂದಿನ ಯಂತ್ರಗಳು ಸಾಲನ್ನು ಎಡದಿಂದ ಬಲಕ್ಕೆ ಒಂದೊಂದೇ ಪದವಾಗಿ ಓದುತ್ತ, ಓದಿದ್ದರ ಸಾರವನ್ನು ಮುಂದಕ್ಕೆ ಹೊತ್ತೊಯ್ಯುತ್ತಿದ್ದವು. ಸಾಲು ಉದ್ದವಾದಂತೆ ಮೊದಲಿನದು ಮಸುಕಾಗುತ್ತಿತ್ತು. 2017ರಲ್ಲಿ ಅಶೀಶ್ ವಾಸ್ವಾನಿ, ನಿಕಿ ಪರ್ಮಾರ್ ಸೇರಿ 8 ಮಂದಿ ಬರೆದ ಗೂಗಲ್‌ನ ಪ್ರಬಂಧ ಈ ಹೊರೆಯನ್ನೇ ಕೈಬಿಟ್ಟಿತು. ಪ್ರತಿ ತುಣುಕೂ ಹಿಂದಿನ ಯಾವ ತುಣುಕನ್ನಾದರೂ, ಎಷ್ಟೇ ದೂರವಿರಲಿ, ನೇರವಾಗಿ ನೋಡಲಿ ಎಂಬುದು ಅವರ ಪರಿಹಾರ. ಆ ನೋಟಕ್ಕೆ ಅಟೆನ್ಷನ್ ಎಂದು ಹೆಸರು. ಅದರ ಮೇಲೆ ಕಟ್ಟಿದ ರಚನೆಗೆ ಅವರು ಟ್ರಾನ್ಸ್‌ಫಾರ್ಮರ್ ಎಂದು ಹೆಸರಿಟ್ಟರು.

ಹಂತ 3: ಯಾರಿಗೆ ಎಷ್ಟು ಗಮನ? ಅಂಕ ಹಾಕಿ

ಯಂತ್ರದೊಳಗೆ ಪ್ರತಿ ತುಣುಕೂ ಸಂಖ್ಯೆಗಳ ಒಂದು ಉದ್ದ ಪಟ್ಟಿ. 2017ರ ಮೂಲ ಮಾದರಿಯಲ್ಲಿ ಆ ಪಟ್ಟಿಯಲ್ಲಿ 512 ಸಂಖ್ಯೆಗಳಿದ್ದವು. ಅಟೆನ್ಷನ್‌ಗಾಗಿ ಆ ಪಟ್ಟಿಯಿಂದ ಮೂರು ಹೊಸ ಪಟ್ಟಿ ತಯಾರಾಗುತ್ತವೆ. ಒಂದು, ತುಣುಕು ಕೇಳುವ ಪ್ರಶ್ನೆ. ಎರಡು, 'ನಾನು ಇಂಥವನು' ಎಂದು ತೋರಿಸುವ ಗುರುತು. ಮೂರು, ಕೇಳಿದವರಿಗೆ ಕೊಡುವ ಸಾರ.

'ಇಳಿದ' ಎಂಬ ತುಣುಕಿನ ಪ್ರಶ್ನೆಯನ್ನು ನಮ್ಮ ಮಾತಿಗೆ ತಂದರೆ ಹೀಗಿರಬಹುದು: 'ಪ್ರಥಮಾ ವಿಭಕ್ತಿಯಲ್ಲಿರುವ, ಜೀವವಿರುವ ಕರ್ತೃ ಯಾರಾದರೂ ಇದ್ದೀರಾ?' ಈ ಪ್ರಶ್ನೆಯ ಸಂಖ್ಯೆಗಳನ್ನು ಪ್ರತಿಯೊಬ್ಬರ ಗುರುತಿನ ಸಂಖ್ಯೆಗಳೊಂದಿಗೆ ಗುಣಿಸಿ ಕೂಡಿದರೆ ಒಂದೊಂದು ಅಂಕ ಬರುತ್ತದೆ. ನಮ್ಮ ಹಾಳೆಗೆ ಮೂರು ಪದ ಸಾಕು, ಅಂಕವನ್ನು ನಾವೇ ಹಾಕೋಣ. 'ಮಂಜುಳಾ'ಗೆ 3. 'ತಮ್ಮನ' ಪದಕ್ಕೆ 1, ಏಕೆಂದರೆ ಜೀವವಿದೆ, ಆದರೆ ಷಷ್ಠಿಯ 'ನ' ಅವನು ಕರ್ತೃವಲ್ಲವೆಂದು ಹೇಳುತ್ತಿದೆ. 'ಕೆಂಗೇರಿಯಲ್ಲಿ' ಪದಕ್ಕೆ 0.

ಅಂಕವನ್ನು ಪಾಲಾಗಿ ಬದಲಿಸುವುದು ಮುಂದಿನ ಲೆಕ್ಕ. 2.718 ಎಂಬ ಸಂಖ್ಯೆಯನ್ನು ಅಂಕದಷ್ಟು ಸಲ ಗುಣಿಸಿ: 3ಕ್ಕೆ 20.1, 1ಕ್ಕೆ 2.7, 0ಗೆ 1. ಕೂಡಿದರೆ 23.8. ಒಂದೊಂದನ್ನೂ ಈ ಮೊತ್ತದಿಂದ ಭಾಗಿಸಿದರೆ ಮಂಜುಳಾಗೆ ಸುಮಾರು ಶೇ 84, ತಮ್ಮನಿಗೆ ಶೇ 11, ಕೆಂಗೇರಿಗೆ ಶೇ 4. ಅಂಕದಲ್ಲಿದ್ದ ಸಣ್ಣ ಅಂತರ ಪಾಲಿನಲ್ಲಿ ದೊಡ್ಡದಾಯಿತು. ಈಗ ಮೂವರ ಸಾರವನ್ನೂ ಇದೇ ಪಾಲಿನಲ್ಲಿ ಬೆರೆಸಿ 'ಇಳಿದ' ಪಟ್ಟಿಗೆ ಸೇರಿಸುತ್ತಾರೆ. ಇಷ್ಟಾದ ಮೇಲೆ ಆ 'ಇಳಿದ' ಬರೀ ಇಳಿದ ಅಲ್ಲ, 'ಒಬ್ಬ ಹೆಣ್ಣು ಇಳಿದ' ಎಂಬುದರ ಛಾಯೆ ಹೊತ್ತ ಸಂಖ್ಯೆಗಳು.

ಒಂದು ಎಚ್ಚರಿಕೆ. ಪ್ರಥಮಾ, ಷಷ್ಠಿ ಎಂಬ ಚೀಟಿಗಳು ಯಂತ್ರದೊಳಗೆ ಎಲ್ಲೂ ಅಂಟಿಸಿಲ್ಲ. ಅವು ನಮ್ಮ ಅನುಕೂಲದ ಹೆಸರುಗಳು. ಇಂಥ ನೋಟ ಒಂದೇ ಇರುವುದೂ ಇಲ್ಲ. ಮೂಲ ಮಾದರಿಯ ಒಂದೊಂದು ಪದರದಲ್ಲಿ 8 ನೋಟಗಳು ಒಟ್ಟಿಗೆ ನಡೆಯುತ್ತಿದ್ದವು, 2020ರ ಜಿಪಿಟಿ-3ರಲ್ಲಿ 96 ಪದರ, ಪ್ರತಿ ಪದರದಲ್ಲಿ 96 ನೋಟ. ಕರ್ತೃವನ್ನು ಹುಡುಕುವ ಕೆಲಸ ಇವುಗಳಲ್ಲಿ ಹಲವಕ್ಕೆ ಹಂಚಿಹೋಗಿರುತ್ತದೆ. ಪ್ರತಿ ತುಣುಕೂ ಹಿಂದಿನ ಎಲ್ಲವನ್ನೂ ನೋಡಬೇಕಾದ್ದರಿಂದ ತುಣುಕು 3 ಪಟ್ಟಾದರೆ ಲೆಕ್ಕ ಹಾಕಬೇಕಾದ ಜೋಡಿಗಳು ಹೆಚ್ಚುಕಡಿಮೆ 9 ಪಟ್ಟಾಗುತ್ತವೆ. ಕನ್ನಡವನ್ನು ಪುಡಿ ಮಾಡುವ ಯಂತ್ರ ತೆರುವ ದಂಡ ಇದು.

ಈ ಅಂಕಗಳನ್ನು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಮೊದಮೊದಲು ಅದರೊಳಗಿನ ಸಂಖ್ಯೆಗಳು ಮನಸ್ಸಿಗೆ ಬಂದಂತೆ ಇಟ್ಟವು. ಅಚ್ಚಾದ ಬರಹದಲ್ಲಿ 'ಳು' ಇದ್ದು, ಯಂತ್ರ ಅದಕ್ಕೆ ಶೇ 20 ಮಾತ್ರ ಕೊಟ್ಟಿದ್ದರೆ, ಆ ಪಾಲು ಒಂದು ಕೂದಲೆಳೆ ಹೆಚ್ಚುವಂತೆ ಒಳಗಿನ ಎಲ್ಲ ಸಂಖ್ಯೆಗಳನ್ನೂ ತುಸು ತಿದ್ದುತ್ತಾರೆ. ಕೋಟಿಗಟ್ಟಲೆ ಸಾಲುಗಳ ಮೇಲೆ ಇದು ನಡೆಯುತ್ತದೆ. ಊಹೆ ಸರಿಯಾಗಬೇಕೆಂದರೆ ಕರ್ತೃವನ್ನು ನೋಡದೆ ಗತಿಯಿಲ್ಲ, ಹಾಗಾಗಿ ನೋಡುವುದನ್ನು ಕಲಿಯುತ್ತದೆ.

ಹಂತ 4: ಚೀಟಿ ಎತ್ತಿ

ಕೊನೆಯ ಪದರ ದಾಟಿದ ಮೇಲೆ ಯಂತ್ರ ತನ್ನಲ್ಲಿರುವ ಎಲ್ಲ ತುಣುಕುಗಳಿಗೂ ಅಂಕ ಕೊಡುತ್ತದೆ. 'ಳು' 3, 'ರು' 1, 'ನು' 0 ಬಂತೆನ್ನಿ. ಪಾಲು ಹಾಕುವ ಲೆಕ್ಕ ಮೇಲಿನದೇ. 20 ಚೀಟಿ ಹರಿದು 17ರ ಮೇಲೆ ಳು, 2ರ ಮೇಲೆ ರು, ಒಂದರ ಮೇಲೆ ನು ಬರೆದು, ಡಬ್ಬಿಯಲ್ಲಿ ಕುಲುಕಿ ಒಂದನ್ನು ಎತ್ತಿ. ಯಂತ್ರವೂ ಸಾಮಾನ್ಯವಾಗಿ ಹೀಗೇ ಎತ್ತುತ್ತದೆ. ಸದಾ ಅತಿ ಹೆಚ್ಚು ಅಂಕದ್ದನ್ನೇ ಆರಿಸಿದರೆ ಬರಹ ಒಂದೇ ಮಾತಿಗೆ ಸುತ್ತಿ ಸುತ್ತಿ ಬರುತ್ತದೆ.

ಅಂಕಗಳನ್ನು ಅರ್ಧ ಮಾಡಿ ಮತ್ತೆ ಲೆಕ್ಕ ಹಾಕಿದರೆ ಪಾಲು ಶೇ 63, 23, 14 ಆಗುತ್ತದೆ. ಚೀಟಿಗಳು ಸುಮಾರು 12, 5, 3. 'ಟೆಂಪರೇಚರ್' ಹೆಚ್ಚಿಸುವುದು ಎಂದರೆ ಈ ಭಾಗಾಕಾರವೇ. ಕಥೆ ಬರೆಸುವಾಗ ಇದರಿಂದ ವೈವಿಧ್ಯ ಬರುತ್ತದೆ. ಕ್ರಿಯಾಪದದ ಬಾಲದ ವಿಷಯದಲ್ಲಿ 'ಮಂಜುಳಾ… ಇಳಿದನು' ಎಂಬ ಅವಾಂತರವೂ ಬರುತ್ತದೆ.

ಹಂತ 5: ಯಂತ್ರವನ್ನು ಪರೀಕ್ಷಿಸಿ

ಫೋನಿನಲ್ಲಿ ಇಂಥ ಆ್ಯಪ್ ಇದ್ದವರು ಹಂತ 2ರ ಸಾಲನ್ನು 'ಕೆಂಗೇರಿಯಲ್ಲಿ' ಎಂಬಲ್ಲಿಯವರೆಗೆ ಕೊಟ್ಟು, 'ಇಳಿ' ಕ್ರಿಯಾಪದದ ಸರಿಯಾದ ರೂಪ ಹಾಕಿ ಪೂರ್ಣಗೊಳಿಸಲು ಹೇಳಿ. ಬಳಿಕ ಮೊದಲ ಪದ ಮಾತ್ರ ಬದಲಿಸುತ್ತ ಹೋಗಿ: 'ಮಂಜುಳಾ ಮೇಡಂ', 'ಮಗು', 'ನಾನು'. ಇಳಿದರು, ಇಳಿಯಿತು, ಇಳಿದೆ ಎಂದು ಸರಿಯಾಗಿ ತಿರುಗಿದರೆ ನೋಟ ಕರ್ತೃವಿನ ಮೇಲಿದೆ ಎಂದರ್ಥ. ಕಷ್ಟ ಕೊಡಬೇಕೆಂದರೆ ಕರ್ತೃವನ್ನು ಹಿಂದಿನ ವಾಕ್ಯದಲ್ಲಿಟ್ಟು ಈ ಸಾಲಿನಲ್ಲಿ ಬಿಟ್ಟುಬಿಡಿ, ನಾವು ಮಾತಾಡುವಾಗ ಮಾಡುವಂತೆ. ನಡುವೆ ಗಂಡು ಹೆಸರುಗಳನ್ನು ತುಂಬಿ. ಸಣ್ಣ ಮಾದರಿಗಳು ಇಲ್ಲಿ ಹತ್ತಿರದ ಹೆಸರಿಗೆ ಜಾರುವ ಸಂಭವ ಹೆಚ್ಚು.

ಎರಡನೆಯ ಪರೀಕ್ಷೆ ಬೇರೆ ಬಗೆಯದು. 'ಬಸವೇಶ್ವರನಗರ ಮೆಟ್ರೊ ನಿಲ್ದಾಣದಿಂದ ಕೆಂಗೇರಿಗೆ ಹೋಗುವುದು ಹೇಗೆ' ಎಂದು ಕೇಳಿ. ಹಸಿರು, ನೇರಳೆ ಮಾರ್ಗಗಳಲ್ಲಿ ಆ ಹೆಸರಿನ ನಿಲ್ದಾಣವೇ ಇಲ್ಲ. ಆದರೆ ಯಂತ್ರ ಓದಿದ ಬರಹಗಳಲ್ಲಿ ರಾಜಾಜಿನಗರ, ವಿಜಯನಗರ, ಕೆಂಗೇರಿ ಮೂರರ ಮುಂದೆಯೂ 'ಮೆಟ್ರೊ ನಿಲ್ದಾಣ' ಬಂದಿದೆ. ಬಸವೇಶ್ವರನಗರವೂ ಇವುಗಳ ಜೊತೆಜೊತೆಗೇ ಕಾಣಿಸಿಕೊಳ್ಳುವ ಹೆಸರು, ಹಾಗಾಗಿ ಅದರ ಸಂಖ್ಯೆಗಳು ಇವುಗಳ ಸಂಖ್ಯೆಗಳನ್ನು ಹೋಲುತ್ತವೆ. 'ಅಲ್ಲಿ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ' ಎಂಬ ಸಾಲಿಗೆ ಒಳ್ಳೆಯ ಅಂಕ ಬೀಳಲು ಅಷ್ಟು ಸಾಕು. ಪ್ರತಿ ಹಂತದಲ್ಲೂ ಲೆಕ್ಕವಾದದ್ದು ಮುಂದೆ ಏನು ಬರುವ ಸಂಭವವಿದೆ ಎಂಬುದು. ನಿಲ್ದಾಣ ಇದೆಯೋ ಇಲ್ಲವೋ ಎಂದು ನೋಡುವ ಹಂತ ಮೇಲಿನ ನಾಲ್ಕರಲ್ಲಿ ಎಲ್ಲೂ ಇರಲಿಲ್ಲ.

ಕೆಲವು ಆ್ಯಪ್‌ಗಳು ಉತ್ತರಿಸುವ ಮುನ್ನ ಅಂತರ್ಜಾಲ ಹುಡುಕಿ, ಸಿಕ್ಕ ಬರಹವನ್ನು ಸಾಲಿನ ಮೊದಲಿಗೆ ಸೇರಿಸುತ್ತವೆ. ಆಗ ಅಟೆನ್ಷನ್‌ಗೆ ನೋಡಲು ನಿಜವಾದ ನಿಲ್ದಾಣಗಳ ಪಟ್ಟಿಯೇ ಸಿಗುವುದರಿಂದ ಉತ್ತರ ಸುಧಾರಿಸುತ್ತದೆ. ಇದನ್ನೂ ಮನೆಯಲ್ಲೇ ಪರೀಕ್ಷಿಸಬಹುದು. ಮೊದಲು ಹುಡುಕಾಟ ಇಲ್ಲದೆ ಕೇಳಿ, ಆಮೇಲೆ ನೀವೇ ಎರಡೂ ಮಾರ್ಗಗಳ ನಿಲ್ದಾಣಗಳ ಹೆಸರನ್ನು ಪ್ರಶ್ನೆಯ ಮೇಲೆ ಬರೆದು ಮತ್ತೆ ಕೇಳಿ. ಎರಡೂ ಉತ್ತರಗಳ ಕನ್ನಡ ಒಂದೇ ಮಟ್ಟದಲ್ಲಿರುತ್ತದೆ. ಯಾವುದನ್ನು ನಂಬಿ ಮನೆಯಿಂದ ಹೊರಡಬಹುದು ಎಂಬುದನ್ನು ಮಾತ್ರ ನಿಲ್ದಾಣಗಳ ಪಟ್ಟಿಯೊಂದಿಗೆ ಹೋಲಿಸಿಯೇ ತಿಳಿಯಬೇಕು.